ಪಲಾವಿನ ನಾಲ್ಕು ಪರಿಮಳಗಳು

ಪಲಾವಿನ ಎಲೆ, ಚಕ್ಕೆ, ಏಲಕ್ಕಿ ಈ ಮೂರನ್ನು ಆಯುರ್ವೇದವು ಒಟ್ಟುಗೂಡಿಸಿ ತ್ರಿಜಾತವೆಂದು ಹೆಸರಿಟ್ಟಿದೆ. ಲವಂಗವು ಈ ಕೂಟಕ್ಕೆ ಹೊರಗಿನದು. ಪಾತ್ರೆಯಲ್ಲಿಯೂ ಅದನ್ನು ಪ್ರತ್ಯೇಕವಾಗಿ ಎಣಿಸಿ ಹಾಕುವುದೇ ಲೇಸೆಂಬುದು ನಮ್ಮ ಮತ.

ನಿವೃತ್ತರಾದ ಮೇಲೆ ನಮಗೆ ಅಡಿಗೆಮನೆಯ ಪ್ರವೇಶವು ಲಭಿಸಿತು. ಎರಡು ಪಾವು ಅಕ್ಕಿಯ ತರಕಾರಿ ಪಲಾವಿಗೆ ನಾವು ಹಾಕುವುದು ಎಲೆ 1, ಎರಡಂಗುಲದ ಚಕ್ಕೆ 1, ಏಲಕ್ಕಿ 3, ಲವಂಗ 4. ಚಕ್ಕೆಯು ಸಿಹಿಯಾದ ಬಿಸುಪನ್ನು ಕೊಡುತ್ತದೆ. ಎಲೆಯ ಗಂಧವು ಮೆಲ್ಲನೆ ಬಿಡುವುದರಿಂದ ಅನ್ನ ಬೇಯುವವರೆಗೂ ಅದು ನೀರಿನಲ್ಲಿರಬೇಕು. ಏಲಕ್ಕಿಯ ಗಂಧವು ಮೊದಲು ಮೂಗಿಗೆ ಬಂದು, ಆವಿಯೊಡನೆ ಬೇಗನೆ ಹಾರಿಹೋಗುವುದು. ಆದುದರಿಂದ ಅದನ್ನು ಸ್ವಲ್ಪ ಬಿರಿಯುವಂತೆ ಜಜ್ಜಿ ಕಡೆಯಲ್ಲಿ ಹಾಕತಕ್ಕದ್ದು.

ಇವುಗಳ ಪರಿಮಳವು ನೀರಿಗಿಂತ ತುಪ್ಪದಲ್ಲಿ ಚೆನ್ನಾಗಿ ಇಳಿಯುತ್ತದೆ. ಸಣ್ಣ ಉರಿಯಲ್ಲಿ ಲವಂಗವು ಉಬ್ಬಿದೊಡನೆ ಅಕ್ಕಿ ಸುರಿಯಬೇಕು. ಕಪ್ಪಾದರೆ ಕಹಿಯು ಅನ್ನಕ್ಕೆಲ್ಲ ಹತ್ತುವುದು.

ನಮ್ಮ ಸೊಸೆಯು ಅತಿಥಿಗಳು ಬರುವರೆಂದು ಒಮ್ಮೆ ಅಷ್ಟೇ ಅಕ್ಕಿಗೆ ಹತ್ತು ಲವಂಗ ಹಾಕಿದಳು. ಮಕ್ಕಳು ನಾಲಗೆ ಜೋಮುಹಿಡಿಯಿತೆಂದು ಎಲೆಯಲ್ಲಿಯೇ ಬಿಟ್ಟೆದ್ದರು, ಹಸಿದೇ ಮಲಗಿದರು. "ಇನ್ನೊಂದಿಷ್ಟು ಚಕ್ಕೆ ಹಾಕಿದ್ದರೆ ಸರಿಹೋಗುತ್ತಿತ್ತೇ, ಮಾವನವರೇ?" ಎಂದು ಕೇಳಿದಳು. ಇಲ್ಲವಮ್ಮ, ಲವಂಗದ ಜೋಮನ್ನು ಮತ್ತೊಂದು ಮಸಾಲೆ ಮುಚ್ಚಲಾರದು. ಮರುದಿನ ಲವಂಗವಿಲ್ಲದೆ ಪಲಾವು ಬೇಯಿಸಿ, ಉಳಿದುದನ್ನು ಅದರಲ್ಲಿ ಬೆರೆಸಿದಳು, ಮಕ್ಕಳು ಉಂಡರು.

ಅಕ್ಕಿಯು ನಾಲ್ಕು ಪಾವಾದರೆ ಉಳಿದ ಮೂರನ್ನು ಇಮ್ಮಡಿಸಬಹುದು. ಲವಂಗಕ್ಕೆ ಆರೇ ಸಾಕು.