ಹಬ್ಬ ಇಲ್ಲದ ವರ್ಷ ಅಜ್ಜಿ-ತಾತಂಗೆ ಬರೆದ ಹಬ್ಬದ ಕಾಗದ

ಅಕ್ಕದೀರೇ, ಸಂಕ್ರಾಂತಿ ಮುಗೀತು, ಎಲ್ಲರ ಮನೇಲೂ ಎಳ್ಳಿನ ಡಬ್ಬ ತಳ ಕಂಡಿರುತ್ತೆ. ನಮ್ಮ ಮನೇಲಿ ಈ ಸಲ ಡಬ್ಬ ತೆಗೀಲೇ ಇಲ್ಲ. ಆಷಾಢದಲ್ಲಿ ದೊಡ್ಡಮಾವ, ಅಂದ್ರೆ ನಮ್ಮೆಜಮಾನ್ರ ದೊಡ್ಡಪ್ಪ, ಹೋಗ್ಬಿಟ್ರು. ವರ್ಷ ತುಂಬೋವರ್ಗೂ ನಮ್ಮನೇಲಿ ಹಬ್ಬ ಮಾಡಲ್ಲ. ಊರಲ್ಲಿ ಅಜ್ಜಿ-ತಾತ ಇಬ್ರೇ. ಚುಂಚನಕಟ್ಟೆ ಕಡೆ ನಮ್ಮೂರು. ಅತ್ತೆ-ಮಾವ ಕೃಷ್ಣರಾಜನಗರದಲ್ಲಿ, ನಾವಿಬ್ರು ಮೈಸೂರಲ್ಲಿ. ಹಬ್ಬದ ದಿನ ಇವ್ರಿಗೆ ರಜಾ ಸಿಗಲಿಲ್ಲ. ಹೋಗಕ್ಕಾಗಲ್ಲ ಅಂತ ಗೊತ್ತಾದ ಮೇಲೆ ಒಂದು ಕಾಗದ ಆದ್ರೂ ಕಳಿಸೋಣ ಅನ್ನಿಸ್ತು. ಫೋನಲ್ಲಿ ಮಾತಾಡುದ್ರೆ ತಾತಂಗೆ ಕಿವಿ ಸರಿಯಾಗಿ ಕೇಳಲ್ಲ, ‘ಆಂ, ಆಂ’ ಅಂದು ಅಜ್ಜಿ ಕೈಗೆ ಕೊಟ್ಬಿಡ್ತಾರೆ.

ಆದ್ರೆ ಹಬ್ಬ ಇಲ್ಲದ ಮನೆಗೆ ಹಬ್ಬದ ಕಾಗದ ಹ್ಯಾಗೆ ಬರೆಯೋದು? ಮೂರು ಸಲ ಬರೆದು ಹರಿದೆ. ಯಾಕೆ ಹರಿದೆ ಅಂತ ಹೇಳ್ತೀನಿ, ನಿಮಗೂ ಯಾವತ್ತಾದ್ರೂ ಬೇಕಾಗಬಹುದು.

ಮೊದಲ್ನೇದ್ರಲ್ಲಿ ರೂಢಿ ಮೇಲೆ ಮೇಲ್ಗಡೆ ‘ಶ್ರೀ’ ಬರೆದು, ಕಾಗದದ ನಾಲ್ಕು ಮೂಲೆಗೆ ಅರಿಶಿನ ಮುಟ್ಟಿಸಿ, ‘ಸಂಕ್ರಾಂತಿ ಹಬ್ಬದ ಶುಭಾಶಯಗಳು’ ಅಂತ ಶುರು ಮಾಡಿದ್ದೆ. ಅತ್ತೆ ಮೈಸೂರಿಗೆ ಬಂದಿದ್ರು, ನೋಡುದ್ರು. ಬೈಲಿಲ್ಲ, ಮೆತ್ತಗೆ ಹೇಳುದ್ರು. ಅರಿಶಿನ ಮುಟ್ಟಿಸೋದು ಶುಭದ ಕಾಗದಕ್ಕೆ. ಮುಂಚೆ ಸಾವಿನ ಸುದ್ದಿ ಬರೆದ ಕಾರ್ಡಿಗೆ ಮೂಲೇಲಿ ಮಸಿ ಹಚ್ಚೋರು, ಓದಿದ ತಕ್ಷಣ ಹರಿದು ಬಿಸಾಡೋರು. ಅದಕ್ಕೇ ಹಳೇ ಕಾಲದೋರು ಕವರ್ ಕೈಗೆ ಬಂದ ಕೂಡ್ಲೇ ಮೊದಲು ಮೂಲೆ ನೋಡ್ತಿದ್ರಂತೆ. ‘ನಿನ್ ಕಾಗ್ದುಕ್ಕೆ ಎರಡೂ ಬೇಡ, ಬರೀ ಬಿಳೀ ಇರ್ಲಿ. ಶ್ರೀ ಮಾತ್ರ ಬರಿ, ಅದು ದೇವ್ರ ಹೆಸ್ರು, ಯಾವ ಕಾಲುಕ್ಕೂ ಆಯ್ತದೆ’ ಅಂದ್ರು. ಶುಭಾಶಯ ಅನ್ನೋ ಪದ ತೆಗೆದೆ.

ಎರಡ್ನೇದು ಹರಿದಿದ್ದು ನಮಸ್ಕಾರದ ಸಾಲಿಗೆ. ಸ್ಕೂಲಲ್ಲಿ ಕಲಿತಂಗೆ ‘ಶಿರಸಾಷ್ಟಾಂಗ ನಮಸ್ಕಾರಗಳು’ ಅಂತ ಬರೆದಿದ್ದೆ. ಅತ್ತೆ ನಕ್ಕು, ‘ಹೆಣ್ಮಕ್ಕಳು ಉದ್ದುಕ್ಕೆ ಮಲಗಿ ನಮಸ್ಕಾರ ಹಾಕದುಂಟಾ? ನೀನು ಮಂಡಿ ಊರಿ ಅಲ್ವಾ ಕಾಲಿಗೆ ಬೀಳದು’ ಅಂದ್ರು. ನಿಜಾನೇ. ‘ಪಾದಕ್ಕೆರಗಿ ಮಾಡುವ ನಮಸ್ಕಾರಗಳು’ ಅಂತ ಮಾಡ್ಕೊಂಡೆ. ಸ್ವಂತ ಅಪ್ಪ ಅಮ್ಮಂಗಾದ್ರೆ ತೀರ್ಥರೂಪು, ಮಾತೃಶ್ರೀ ಅಂತ ಬರೀತೀವಿ. ಮಿಕ್ಕ ಹಿರಿಯರಿಗೆ ‘ಸಮಾನರಾದ’ ಸೇರಿಸಬೇಕು. ಇವ್ರ ಹೆಸರು ಬರೀಬಾರ್ದು, ‘ನಿಮ್ಮ ಮೊಮ್ಮಗ’ ಅಂದ್ರೆ ಸಾಕು. ಮನೇಲಿ ನಾನು ಹೆಸರು ಹಿಡಿದೇ ಕೂಗ್ತೀನಿ, ಅದು ಬೇರೆ ಮಾತು.

ಮೂರ್ನೇದ್ರಲ್ಲಿ ನಿಜವಾದ ತೊಡಕು ಬಂತು. ದೊಡ್ಡಮಾವನ ಮಾತು ಎತ್ತಬೇಕೋ ಬೇಡ್ವೋ? ಹುಣಸೂರಿಂದ ಅಮ್ಮ ಫೋನಲ್ಲಿ ‘ಹಬ್ಬದ ದಿನ ಎತ್ತಬೇಡ ಕಣೆ, ಅಳ್ತಾರೆ’ ಅಂದ್ರು. ಅತ್ತೆ ‘ಎತ್ತದೇ ಇದ್ರೆ ಇವ್ಳು ಮರೆತಳು ಅನ್ಕೋತಾರೆ’ ಅಂದ್ರು. ನಾನು ಮೊದಲು ಬರೆದಿದ್ದು ಒಂದು ಪುಟ ತುಂಬ ಸಮಾಧಾನ. ಹೋದವ್ರು ಹೋದ್ರು, ಧೈರ್ಯ ತಗೊಳ್ಳಿ, ಇಂಥವೇ. ಅದನ್ನ ಓದಿ ನಂಗೇ ನಾಚಿಕೆ ಆಯ್ತು. ಎಂಬತ್ತು ದಾಟಿದವ್ರಿಗೆ, ಮಗನ್ನ ಮಣ್ಣು ಮಾಡಿದವ್ರಿಗೆ, ನಿನ್ನೆ ಮೊನ್ನೆ ಬಂದ ನಾನು ಧೈರ್ಯ ಹೇಳೋದಾ? ಇನ್ನೊಂದು ವಿಷಯ ಅಂದ್ರೆ ಈ ಕಾಗದ ಅವ್ರು ಓದಲ್ಲ. ಅಜ್ಜಿಗೆ ಓದು ಬರಲ್ಲ, ತಾತಂಗೆ ಕಣ್ಣು ಮಂಜು. ಪಕ್ಕದ ಮನೆ ಹುಡುಗ ಹೈಸ್ಕೂಲಿಗೆ ಹೋಗ್ತಾನೆ, ಅವನೇ ಜಗಲಿ ಮೇಲೆ ಕೂತು ಗಟ್ಟಿಯಾಗಿ ಓದೋದು. ಸುತ್ತ ನಾಲ್ಕು ಜನ ಇರ್ತಾರೆ. ಅಷ್ಟು ಜನದ ಮುಂದೆ ಅಳಿಸೋ ಕಾಗದ ಕಳಿಸಬಾರ್ದು ಅನ್ನಿಸ್ತು. ಅದನ್ನೂ ಹರಿದೆ.

ಕೊನೆಗೆ ಒಂದೇ ಸಾಲು ಇಟ್ಕೊಂಡೆ, ನಾನು ಕಣ್ಣಾರೆ ಕಂಡಿದ್ದು. ಹೋದ ಸಂಕ್ರಾಂತಿ ನನ್ನ ಮದುವೆ ಆದ ಮೊದಲ ಸಂಕ್ರಾಂತಿ. ಆವತ್ತು ದೊಡ್ಡಮಾವ ನಮ್ಮ ಗದ್ದೆ ಬದಿಯ ಕಬ್ಬಿನ ಜಲ್ಲೆ ಹೊತ್ಕೊಂಡು ಬಂದು, ‘ಎಳ್ಳು ಬೀರಕ್ಕೆ ಹೊಸ ಸೊಸೆ ಹೊಂಟವ್ಳೆ, ಕಬ್ಬು ಅಂಗ್ಡೀದು ಕೊಡ್ಬಾರ್ದು’ ಅಂತ ತಾವೇ ಗೆಣ್ಣು ನೋಡಿ ತುಂಡು ಹೊಡೆದು ಕೊಟ್ಟಿದ್ರು.

ಆಮೇಲೆ ಬಾಳೆಹಣ್ಣಿನ ಲೆಕ್ಕ. ನಮ್ಮ ಕಡೆ ಮದುವೆ ಆದ ಹೆಣ್ಣುಮಕ್ಕಳು ಮೊದಲ ಸಂಕ್ರಾಂತಿಗೆ ಮುತ್ತೈದೇರಿಗೆ ಎಳ್ಳಿನ ಜೊತೆ ಐದೈದು ಬಾಳೆಹಣ್ಣು ಕೊಡ್ತಾರೆ. ಎರಡ್ನೇ ವರ್ಷ ಹತ್ತು, ಮೂರ್ನೇ ವರ್ಷ ಹದಿನೈದು, ಹಿಂಗೆ ಐದು ವರ್ಷ. ನಾನು ಹೋದ ವರ್ಷ ಐದು ಕೊಟ್ಟಿದ್ದೆ. ಈ ವರ್ಷ ಕೊಡೋ ಹಾಗಿಲ್ಲ. ಹಂಗಾದ್ರೆ ಮುಂದಿನ ವರ್ಷ ಹತ್ತೋ ಹದಿನೈದೋ? ಅಮ್ಮ ಒಂದು ಹೇಳುದ್ರು, ಎದುರು ಮನೆ ಆಂಟಿ ಇನ್ನೊಂದು ಹೇಳುದ್ರು. ಅತ್ತೆ ಮಾತ್ರ, ‘ಇದನ್ನ ನಾವ್ಯಾರೂ ಹೇಳದು ಬೇಡ. ಅಜ್ಜೀನೆ ಕೇಳು, ಕಾಗದದಲ್ಲೇ ಕೇಳು’ ಅಂದ್ರು. ಅತ್ತೆ ಯಾಕೆ ಹಂಗಂದ್ರು ಅಂತ ಆಮೇಲೆ ಗೊತ್ತಾಯ್ತು. ಆರು ತಿಂಗಳಿಂದ ಅಜ್ಜೀನ ಯಾರೂ ಏನೂ ಕೇಳಿರ್ಲಿಲ್ಲ. ಎಲ್ರೂ ಬರೋರು, ಊಟ ಮಾಡಿದ್ರಾ, ಮಾತ್ರೆ ತಗೊಂಡ್ರಾ ಅನ್ನೋರು, ಹೋಗೋರು.

ಕಾಗದದ ಜೊತೆ ಏನು ಕಳಿಸೋದು? ನಮ್ಮನೇಲಿ ಎಳ್ಳು ಹುರಿಯೋ ಹಾಗಿಲ್ಲ. ಆದ್ರೆ ತವರಿಗೆ ಸೂತಕ ಇಲ್ಲ, ಅವ್ರು ಮಾಡಿ ಕೊಟ್ರೆ ಹಬ್ಬ ಇಲ್ಲದ ಮನೆಯೋರು ತಿನ್ನಬಹುದು, ಇದು ನಮ್ಮಲ್ಲಿ ನಡ್ಕೊಂಡು ಬಂದಿರೋದು. ತಾತಂಗೆ ಹಲ್ಲಿಲ್ಲ, ಕೊಬ್ಬರಿ ಚೂರು, ಕಡ್ಲೆಬೀಜ, ಸಕ್ಕರೆ ಅಚ್ಚು ಯಾವುದೂ ಆಗಲ್ಲ. ಅದಕ್ಕೆ ಅಮ್ಮ ಚಿಗಳಿ ಮಾಡುದ್ರು, ನಾನು ಪಕ್ಕದಲ್ಲಿ ನಿಂತು ನೋಡಿದ್ದಷ್ಟೆ. ಕಾಲು ಕೆ.ಜಿ. ಬಿಳಿ ಎಳ್ಳು ತೊಳೆದು, ಬಿಸಿಲಲ್ಲಿ ಗರಿ ಆಗೋ ತನಕ ಒಣಗಿಸಿ, ಸಣ್ಣ ಉರೀಲಿ ಹುರಿದ್ರು. ಚಟಪಟ ಅನ್ನಕ್ಕೆ ಶುರುವಾದ ತಕ್ಷಣ ಮೊರಕ್ಕೆ ಸುರಿದುಬಿಡ್ಬೇಕು. ಬಾಣಲೆಯಲ್ಲೇ ಬಿಟ್ರೆ ಆ ಕಾವಿಗೇ ಕೆಂಪಾಗಿ ಕಹಿ ಬರುತ್ತೆ. ಪೂರ್ತಿ ಆರಿದ ಮೇಲೆ ಅಷ್ಟೇ ತೂಕದ ಪುಡಿ ಬೆಲ್ಲ, ನಾಲ್ಕು ಏಲಕ್ಕಿ ಹಾಕಿ ಕುಟ್ಟೋದು. ಬಿಸಿ ಇದ್ದಾಗ ಬೆಲ್ಲ ಹಾಕುದ್ರೆ ಕರಗಿ ಅಂಟಾಗುತ್ತೆ, ಉಂಡೆ ಮಾರನೇ ದಿನ ಕಲ್ಲು. ಮಿಕ್ಸಿ ಆದ್ರೆ ತಡೆದು ತಡೆದು ತಿರುಗಿಸಬೇಕು, ಒಂದೇ ಸಮ ಓಡಿಸುದ್ರೆ ಎಣ್ಣೆ ಬಿಟ್ಟು ಚಟ್ನಿ ಆಗುತ್ತೆ. ಮುಷ್ಟಿಯಲ್ಲಿ ಒತ್ತಿದಾಗ ಉಂಡೆ ನಿಂತು, ಅಂಗೈಗೆ ಸ್ವಲ್ಪ ಜಿಡ್ಡು ಹತ್ತುದ್ರೆ ಅದು ಹದ. ಅಮ್ಮ ಸಣ್ಣ ನಿಂಬೆಹಣ್ಣಿನ ಗಾತ್ರಕ್ಕೆ ಕಟ್ಟಿ, ಬಾಳೆ ಎಲೇಲಿ ಸುತ್ತಿ ಕೊಟ್ರು. ಅರಿಶಿನ-ಕುಂಕುಮದ ಪೊಟ್ಟಣ ಇಡಲಿಲ್ಲ.

ಕಾಗದ ಹಿಂಗಿತ್ತು:

ಶ್ರೀ

ತೀರ್ಥರೂಪು ಸಮಾನರಾದ ತಾತನವರಿಗೂ, ಮಾತೃಶ್ರೀ ಸಮಾನರಾದ ಅಜ್ಜಿಯವರಿಗೂ, ನಿಮ್ಮ ಮೊಮ್ಮಗನ ಹೆಂಡತಿ ಪಾದಕ್ಕೆರಗಿ ಮಾಡುವ ನಮಸ್ಕಾರಗಳು. ನಾವಿಬ್ಬರೂ ಕ್ಷೇಮ. ನಿಮ್ಮ ಕ್ಷೇಮಕ್ಕೆ ಹೇಳಿ ಕಳಿಸಬೇಕು.

ಹಬ್ಬದ ದಿನ ಬರಲು ನಿಮ್ಮ ಮೊಮ್ಮಗನಿಗೆ ರಜಾ ಸಿಗಲಿಲ್ಲ. ಬರುವ ಭಾನುವಾರ ಇಬ್ಬರೂ ಬರುತ್ತೇವೆ. ಹೋದ ವರ್ಷ ದೊಡ್ಡಮಾವನವರು ತಮ್ಮ ಕೈಯಾರೆ ಕಬ್ಬು ತುಂಡು ಮಾಡಿಕೊಟ್ಟಿದ್ದು ಈ ದಿನ ನೆನಪಾಯಿತು.

ಚಿಗಳಿ ನಮ್ಮ ಅಮ್ಮ ಮಾಡಿದ್ದು, ಹುಣಸೂರಿನದು. ತಾತನವರಿಗೆ ಅಗಿಯಲು ಕಷ್ಟವಾಗಬಾರದೆಂದು ಮೆತ್ತಗೆ ಕಟ್ಟಿದ್ದಾರೆ. ತಿನ್ನಬಹುದಾದರೆ ತಿನ್ನಬೇಕು. ಬೇಡವೆಂದು ತೋರಿದರೆ ಓದಿದ ಹುಡುಗನಿಗೆ ಕೊಡಬೇಕು.

ಅಜ್ಜಿಯವರಲ್ಲಿ ಒಂದು ಮಾತು ಕೇಳಬೇಕು. ಹೋದ ವರ್ಷ ಐದು ಬಾಳೆಹಣ್ಣು ಕೊಟ್ಟಿದ್ದೆ. ಈ ವರ್ಷ ಕೊಡಲಿಲ್ಲ. ಮುಂದಿನ ವರ್ಷ ಹತ್ತು ಕೊಡಬೇಕೋ ಹದಿನೈದೋ? ನೀವು ಹೇಳಿದಂತೆ ನಡೆಯುತ್ತೇನೆ. ಎತ್ತುಗಳ ಮೈ ತೊಳೆದರೇ? ಕಿಚ್ಚು ಹಾಯಿಸಲು ಯಾರಾದರೂ ಕರೆದುಕೊಂಡು ಹೋದರೇ ಎಂದು ನಿಮ್ಮ ಮೊಮ್ಮಗ ಕೇಳುತ್ತಿದ್ದಾರೆ.

ತಮ್ಮ ಆಶೀರ್ವಾದ ಬೇಡುವ,
ನಿಮ್ಮ ಸೊಸೆ

ಸಾಲು ಚಿಕ್ಕದು, ಅಕ್ಷರ ದಪ್ಪ. ಓದೋ ಹುಡುಗ ತಡವರಿಸಬಾರ್ದು ಅಂತ. ಅತ್ತೆ ವಾಪಸ್ ಹೋಗುವಾಗ ಕಾಗದ, ಚಿಗಳಿ ಎರಡನ್ನೂ ಅವ್ರ ಕೈಗೇ ಕೊಟ್ಟೆ. ಹಬ್ಬದ ದಿನ ಬೆಳಿಗ್ಗೆ ಮಾವ ಊರಿಗೆ ಹೋಗಿ ತಲುಪಿಸುದ್ರು.

ಸಂಜೆ ಏಳಕ್ಕೆ ಅಜ್ಜಿ ಫೋನ್ ಬಂತು. ಅಜ್ಜಿ ತಾವಾಗಿ ಫೋನ್ ಮಾಡಿಸಿದ್ದು ಆಷಾಢದಿಂದ ಈಚೆಗೆ ಇದೇ ಮೊದಲು. ನಮಸ್ಕಾರ ಅನ್ನಕ್ಕೂ ಬಿಡಲಿಲ್ಲ.

‘ಹತ್ತೇ ಕೊಡು ಕನವ್ವ. ಈ ವರ್ಸನ ಲೆಕ್ಕುಕ್ಕೆ ಹಿಡೀಬ್ಯಾಡ. ಕೊಡದೆ ಇದ್ದುದ್ನ ಕೊಟ್ಟೆ ಅಂತ ಎಣಿಸಕ್ಕಾದದಾ? ಐದು ವರ್ಸ ಅಂದ್ರೆ ಐದು ಸಲ ಕೊಡ್ಬೇಕು, ಒಂದು ವರ್ಸ ತಡ ಆಯ್ತದೆ ಅಷ್ಟೆಯ. ಹಣ್ಣು ಪುಟ್ಟಬಾಳೆ ತರ್ಸು, ಆ ಪಚ್ಚಬಾಳೆ ಬ್ಯಾಡ.’

ಆಮೇಲೆ ಎತ್ತಿನ ವಿಷಯ. ತಾತ ಮೊದಲು ಎತ್ತೂ ತೊಳೀಬೇಡಿ ಅಂದಿದ್ರಂತೆ. ಆ ಜೋಡಿ ದೊಡ್ಡಮಾವ ಚುಂಚನಕಟ್ಟೆ ಜಾತ್ರೇಲಿ ನೋಡಿ ಹಿಡಿದು ತಂದಿದ್ದು. ಕಾಗದ ಓದಿಸಿ ಆದ ಮೇಲೆ ಒಂದು ಗಳಿಗೆ ಸುಮ್ನೆ ಕೂತಿದ್ದು, ‘ಎತ್ತುಗೆ ಯಾವ ಸೂತ್ಕ ಬುಡು’ ಅಂತ ಎದ್ರಂತೆ. ಪಕ್ಕದ ಮನೆಯೋರು ಹೊಳೆಗೆ ಹೊಡ್ಕೊಂಡು ಹೋಗಿ ಮೈ ತೊಳೆದು ತಂದ್ರು. ಕೊಂಬಿಗೆ ಬಣ್ಣ, ಟೇಪು, ಬಲೂನು ಏನೂ ಕಟ್ಟಲಿಲ್ಲ, ಮೈಗೆ ಅರಿಶಿನ ಮಾತ್ರ. ಕಿಚ್ಚಿಗೆ ಆ ಓದೋ ಹುಡುಗನೇ ಹಗ್ಗ ಹಿಡ್ಕೊಂಡು ಹೋದ. ತಾತ ಜಗಲಿ ಕಂಬ ಹಿಡಿದು ನಿಂತು, ಬೀದಿ ಕೊನೇಲಿ ಹುಲ್ಲಿನ ಬೆಂಕಿ ಎದ್ದಿದ್ದು ಕಾಣೋ ತನಕ ನೋಡುದ್ರಂತೆ.

‘ಅತ್ತುಬುಟ್ರಾ ಅಜ್ಜಿ?’ ಅಂತ ಕೇಳ್ದೆ. ಕೇಳಬಾರ್ದಿತ್ತೇನೋ.

‘ಕಬ್ಬಿನ್ ಮಾತು ಬಂದಾಗ ಅತ್ರು. ಆಮೇಲೆ ಎಲ್ಡು ಚಿಗ್ಳಿ ತಿಂದ್ರು’ ಅಂದ್ರು ಅಜ್ಜಿ. ‘ನಾನೂ ಒಂದ್ ತಿಂದೆ. ನಿಮ್ಮವ್ವ ಏಲಕ್ಕಿ ಒಸಿ ಜಾಸ್ತಿ ಹಾಕವ್ಳೆ.’

ಕಾಗದ ಎಲ್ಲಿದೆ ಅಂದೆ. ರೇಷನ್ ಕಾರ್ಡಿನ ಕವರೊಳಗೆ ತಾತ ಇಟ್ಕೊಂಡವ್ರೆ ಅಂದ್ರು. ಫೋನ್ ಇಡೋ ಮುಂಚೆ ಹಿಂದಿಂದ ತಾತ ಕೂಗಿದ್ದು ಕೇಳಿಸ್ತು, ಮುಂದಿನ ಸಲ ಅಕ್ಷರ ಇನ್ನೂ ದಪ್ಪ ಬರೀಬೇಕಂತೆ, ತಾವೇ ಓದ್ಕೋತಾರಂತೆ.