ಹನ್ನೆರಡು ಕುರ್ಚಿಗಳ ಲೆಕ್ಕ

ಕೇಂದ್ರ ಸರಕಾರದ ನೌಕರಿಯಲ್ಲಿರುವ ನಮ್ಮಂಥವರಿಗೆ ಸಂಬಳವೆಂದರೆ ತಿಂಗಳ ಕೊನೆಗೆ ತಪ್ಪದೆ ಬರುವ ಮೊತ್ತ. ಕಮಿಷನ್ ಆಧಾರದ ಮಾರಾಟದ ನೌಕರಿಯಲ್ಲಿ ಹಾಗಲ್ಲ. ಪತ್ರದಲ್ಲಿ ಕಾಣುವ ಮೊತ್ತ ಬೇರೆ, ಕೈಗೆ ಬರುವುದು ಬೇರೆ. ಕಳೆದ ವರ್ಷ ಕುಂದಾಪುರದ ಕಡೆಯಿಂದ ಬಂದ ನಮ್ಮ ಸೋದರಳಿಯನಿಗೆ ಠಾಣೆಯಲ್ಲಿ ಜೀವವಿಮೆ ಮಾರುವ ಒಂದು ಕೆಲಸ ಸಿಗುವುದರಲ್ಲಿತ್ತು. ಪತ್ರದಲ್ಲಿ ವರ್ಷಕ್ಕೆ 4,80,000 ರೂಪಾಯಿ ಎಂದಿತ್ತು. ಅವನ ಕಣ್ಣಿಗೆ ಬಿದ್ದದ್ದು ತಿಂಗಳಿಗೆ 40,000.

ಪತ್ರದ ಎರಡನೆಯ ಪುಟವನ್ನು ಅವನೊಡನೆ ಕುಳಿತು ಓದಿದೆವು. ಖಚಿತ ಸಂಬಳ 18,000. ಉಳಿದ 22,000 ಟಾರ್ಗೆಟ್ ಮುಟ್ಟಿದರೆ ಸಿಗುವ ಇನ್ಸೆಂಟಿವ್. ಎಂದರೆ ಖಚಿತ ಭಾಗ ಶೇಕಡ 45 ಮಾತ್ರ. ಡೊಂಬಿವಲಿಯಲ್ಲಿ ನಾಲ್ವರೊಡನೆ ಹಂಚಿಕೊಂಡ ಕೋಣೆಗೆ 6,000, ಊಟಕ್ಕೆ 5,500, ರೈಲು ಪಾಸು, ರಿಕ್ಷಾ, ಫೋನಿಗೆ 3,000, ಊರಿನಲ್ಲಿರುವ ತಾಯಿಗೆ 5,000. ಒಟ್ಟು 19,500. ಏನೂ ಮಾರಾಟವಾಗದ ತಿಂಗಳಲ್ಲಿ ಅವನು 1,500 ರೂಪಾಯಿ ಸಾಲದಲ್ಲಿರುತ್ತಾನೆ. ಖಚಿತ ಸಂಬಳ ಸಾಕೇ ಎಂಬುದನ್ನು ಶೇಕಡಾವಾರಿಗಿಂತ ಈ ಕೂಡಿಕಳೆಯುವ ಲೆಕ್ಕವೇ ಸ್ಪಷ್ಟವಾಗಿ ಹೇಳುತ್ತದೆ.

ಇನ್ನು ಟಾರ್ಗೆಟ್. ತಿಂಗಳಿಗೆ ಮೂರು ಲಕ್ಷದ ಹೊಸ ಪ್ರೀಮಿಯಂ ತರಬೇಕು. ಅದರ ಶೇಕಡ 80ಕ್ಕಿಂತ ಕಡಿಮೆಯಾದರೆ ಇನ್ಸೆಂಟಿವ್ ಸೊನ್ನೆ. ಸಾಮಾನ್ಯ ಪಾಲಿಸಿಯೊಂದರ ವಾರ್ಷಿಕ ಪ್ರೀಮಿಯಂ 30,000 ಎಂದಿಟ್ಟುಕೊಂಡರೆ ಹತ್ತು ಪಾಲಿಸಿ ಬೇಕು. ಇನ್ಸೆಂಟಿವ್ ಆರಂಭವಾಗಲು ಎಂಟಾದರೂ ಬೇಕು. ಹತ್ತು ಜನರನ್ನು ಕಂಡರೆ ಒಬ್ಬರು ಒಪ್ಪುತ್ತಾರೆಂದು ಹಿಡಿದರೂ ಎಂಟು ಪಾಲಿಸಿಗೆ ಎಂಬತ್ತು ಭೇಟಿ. ಇಪ್ಪತ್ತೈದು ಕೆಲಸದ ದಿನಗಳಲ್ಲಿ ದಿನಕ್ಕೆ ಮೂರಕ್ಕೂ ಹೆಚ್ಚು. ಬೆಳಿಗ್ಗೆ ಮುಲುಂದ್, ಮಧ್ಯಾಹ್ನ ಬೊರಿವಲಿ, ಸಂಜೆ ಕಲ್ಯಾಣ ಎಂದು ಓಡುವವನಿಗೆ ಇದು ಸುಲಭವಲ್ಲ. ಪಾಲಿಸಿ ಕೈಸೇರಿದ ಮೇಲೂ ಗ್ರಾಹಕ 30 ದಿನಗಳೊಳಗೆ ಅದನ್ನು ಹಿಂದಿರುಗಿಸಬಹುದು. ಹಾಗಾದರೆ ಆ ಮಾರಾಟ ಲೆಕ್ಕದಿಂದ ಕಳೆದುಹೋಗುತ್ತದೆಂದು ಅವನ ಪತ್ರದಲ್ಲೇ ಇತ್ತು.

ಸಂದರ್ಶನ ಮಾಡಿದ ಮ್ಯಾನೇಜರು ತಿಂಗಳಿಗೆ ಎಪ್ಪತ್ತು ಸಾವಿರ ಗಳಿಸುವ ಹುಡುಗನೊಬ್ಬನ ಹೆಸರು ಹೇಳಿದ್ದರಂತೆ. ಮೊದಲನೆಯವನ ಗಳಿಕೆ ನಮಗೆ ಬೇಡ, ನಡುವಿನವನದು ಬೇಕು ಎಂದೆವು. ಅಳಿಯ ಮರುದಿನ ಆ ತಂಡದ ಒಬ್ಬನೊಡನೆ ಚಹಾ ಕುಡಿಯುತ್ತ ವಿಚಾರಿಸಿ ಬಂದ. “ಮಾವ, ಹನ್ನೆರಡು ಜನರಲ್ಲಿ ಆರನೆಯವ ಹೋದ ತಿಂಗಳು ಐದು ಪಾಲಿಸಿ ಮಾಡಿದ್ದಾನಂತೆ” ಎಂದ. ಎಂದರೆ ಆ ತಂಡದ ಅರ್ಧಕ್ಕೂ ಹೆಚ್ಚು ಜನರ ಸಂಬಳ ಬರೀ 18,000.

ಅವನು ತಂದ ಮತ್ತೊಂದು ಅಂಕಿ ಇದಕ್ಕಿಂತ ಮುಖ್ಯವಾದುದು. ಆ ಹನ್ನೆರಡು ಕುರ್ಚಿಗಳಿಗೆ ಒಂದು ವರ್ಷದಲ್ಲಿ ಇಪ್ಪತ್ತೊಂದು ಜನ ಹೊಸಬರು ಬಂದಿದ್ದರು; ವರ್ಷ ದಾಟಿದವರು ನಾಲ್ವರೇ. ಈ ಕ್ಷೇತ್ರದಲ್ಲಿ ಬಿಟ್ಟುಹೋಗುವವರು ಎಲ್ಲೆಡೆಯೂ ಹೆಚ್ಚು. ಕೆಲವು ಖಾಸಗಿ ಬ್ಯಾಂಕುಗಳಲ್ಲಿ ಈ ಪ್ರಮಾಣ ಸುಮಾರು ಶೇಕಡ 25 ಎಂದು ರಿಸರ್ವ್ ಬ್ಯಾಂಕು 2024ರ ಡಿಸೆಂಬರಿನ ವರದಿಯಲ್ಲಿ ಎಚ್ಚರಿಸಿತ್ತು. ದೊಡ್ಡ ಲಿಸ್ಟೆಡ್ ಕಂಪನಿಗಳ ವಾರ್ಷಿಕ ವರದಿಯಲ್ಲಿಯೂ, ಸೆಬಿಯ ನಿಯಮದಂತೆ, ಈ ಅಂಕಿ ಇರುತ್ತದೆ. ಆದರೆ ಅದು ಇಡೀ ಕಂಪನಿಯ ಸರಾಸರಿ. ನಾವು ಕೂರಲಿರುವ ಕುರ್ಚಿಯ ಚರಿತ್ರೆಯನ್ನು ತಂಡದವರಿಂದಲೇ ಕೇಳಿ ತಿಳಿಯಬೇಕು. ಹೊಸ ಶಾಖೆಯಾದರೆ ಮ್ಯಾನೇಜರರ ಹಿಂದಿನ ತಂಡದ ಬಗ್ಗೆ ಕೇಳಬಹುದು.

ಬಿಟ್ಟವರು ಯಾವ ತಿಂಗಳಲ್ಲಿ ಬಿಟ್ಟರು ಎಂದೂ ಕೇಳಿಸಿದೆವು. ಹೆಚ್ಚಿನವರು ನಾಲ್ಕನೆಯ, ಐದನೆಯ ತಿಂಗಳಲ್ಲಿ. ಕಾರಣ ಊಹಿಸುವುದು ಕಷ್ಟವಲ್ಲ. ಹೊಸಬ ಮೊದಲ ಮೂರು ತಿಂಗಳು ಚಿಕ್ಕಪ್ಪ, ಅತ್ತೆ, ಸಹಪಾಠಿಗಳಿಗೆ ಮಾರುತ್ತಾನೆ. ಆ ಪಟ್ಟಿ ಮುಗಿದಾಗ ಟಾರ್ಗೆಟ್ಟಿನ ನಿಜವಾದ ಭಾರ ತಿಳಿಯುತ್ತದೆ. ಅವನು ಹೋಗುತ್ತಾನೆ, ಪಾಲಿಸಿಗಳು ಕಂಪನಿಯಲ್ಲಿ ಉಳಿಯುತ್ತವೆ, ಮತ್ತೊಬ್ಬ ತನ್ನ ಬಂಧುಗಳ ಪಟ್ಟಿಯೊಡನೆ ಅದೇ ಕುರ್ಚಿಗೆ ಬರುತ್ತಾನೆ. ಇಂಥ ತಂಡದಲ್ಲಿ ಟಾರ್ಗೆಟ್ ನಿಂತಿರುವುದೇ ಜನ ಬದಲಾಗುತ್ತಿರುವುದರ ಮೇಲೆ.

ಪರವೂರಿನಲ್ಲಿರುವ ನಮಗೆ ಇದರಲ್ಲಿ ಇನ್ನೊಂದು ನಷ್ಟವಿದೆ. ಹೊಸದಾಗಿ ಬಂದ ಕನ್ನಡದ ಹುಡುಗನಿಗೆ ಇಲ್ಲಿ ಬಂಧುಗಳೆಂದರೆ ಕನ್ನಡ ಸಂಘದ ಸದಸ್ಯರೇ. ಸಂಘದ ವಿಳಾಸ ಪುಸ್ತಕವೇ ಅವನ ಗಿರಾಕಿಗಳ ಪಟ್ಟಿಯಾಗುತ್ತದೆ. ಕೋಣೆ ಹುಡುಕಲು, ಕಾಯಿಲೆಯಾದಾಗ ಫೋನು ಮಾಡಲು ಇರಬೇಕಾದ ಮನೆಗಳು, ಒಂದು ಪಾಲಿಸಿಗಾಗಿ ಅವನ ಕರೆಯನ್ನು ತಪ್ಪಿಸುವ ಮನೆಗಳಾಗುತ್ತವೆ.

ಅಳಿಯ ಆ ಕೆಲಸಕ್ಕೆ ಸೇರಲಿಲ್ಲ. ಎರಡು ತಿಂಗಳು ಕಾದು, ಗೃಹಸಾಲದ ಅರ್ಜಿ ನೋಡುವ ಕೆಲಸ ಹಿಡಿದ. ಅಲ್ಲಿ ಖಚಿತ ಸಂಬಳ 24,000, ಗ್ರಾಹಕರು ಬಿಲ್ಡರುಗಳ ಕಚೇರಿಯಿಂದ ಬರುತ್ತಾರೆ. ಗಳಿಕೆಯ ಮೇಲ್ಮಿತಿ ಕಡಿಮೆ. ಆದರೆ ಒಂಬತ್ತು ಜನರ ತಂಡದಲ್ಲಿ ಆರು ಜನ ಎರಡು ವರ್ಷ ದಾಟಿದವರು.