ಮೂರು ಊರಿನ ಒಂದು ಪಟ್ಟಿ

ಅವ್ವನ ಊಟದ ಪಟ್ಟಿ ಬರೆಯುವುದು ನನಗೆ ವಾರದ ಅತ್ಯಂತ ಇಷ್ಟದ ಕೆಲಸ. ಸ್ಕೇಲಿಟ್ಟು ಗೆರೆ ಹೊಡೆದು ಮೂರು ಕಲಂ ಮಾಡುತ್ತೇನೆ: ಹೊತ್ತು, ಅಡುಗೆ, ಅಳತೆ. ಅಡುಗೆಯ ಕಲಂ ತುಂಬುವುದು ಸುಲಭ, ಅದನ್ನು ಮನೆಯಲ್ಲಿ ಯಾರು ಬೇಕಾದರೂ ತುಂಬಿಯಾರು. ಸಕ್ಕರೆ ಕಾಯಿಲೆಯವರ ಪಟ್ಟಿಯ ಜೀವ ಇರುವುದು ಮೂರನೆಯದರಲ್ಲಿ. ಅಲ್ಲಿ ‘ಸ್ವಲ್ಪ’, ‘ಹಿತಮಿತ’ ಎಂದು ಬರೆದರೆ ಗೋಡೆಗೆ ಅಂಟಿಸಿಯೂ ಪ್ರಯೋಜನವಿಲ್ಲ. ಸೌಟು ಹಿಡಿದವರ ಕೈ ಎಲ್ಲಿ ನಿಲ್ಲಬೇಕು ಅನ್ನುವುದನ್ನು ಆ ಕಲಂ ಹೇಳಬೇಕು.

ಅವ್ವ ಒಂದೇ ಮನೆಯಲ್ಲಿ ನೆಲೆ ನಿಲ್ಲುವವಳಲ್ಲ. ಅಜ್ಜಂಪುರದಲ್ಲಿ ಅಣ್ಣನ ಮನೆ, ತರೀಕೆರೆಯಲ್ಲಿ ಅಕ್ಕನ ಮನೆ, ಕಡೂರಿನಲ್ಲಿ ನನ್ನದು. ಭೂಪಟದಲ್ಲಿ ಮೂರೂ ಒಂದಕ್ಕೊಂದು ಹತ್ತಿರ, ತಟ್ಟೆಯಲ್ಲಿ ಮಾತ್ರ ದೂರ. ಈರುಳ್ಳಿ ಬೆಳೆಯುವ ಅಜ್ಜಂಪುರದ ಕಡೆ ಅತ್ತಿಗೆ ಜೋಳದ ರೊಟ್ಟಿ ಬಡಿಯುತ್ತಾಳೆ. ಭದ್ರಾ ನಾಲೆಯ ನೀರು ಹರಿಯುವ ತರೀಕೆರೆ ಸೀಮೆಯಲ್ಲಿ ಭತ್ತದ ಗದ್ದೆಗಳಿವೆ, ಅಕ್ಕನ ಮನೆಯಲ್ಲಿ ಅನ್ನವೇ ಊಟ. ಕಡೂರು ಬಯಲುಸೀಮೆಯ ತೆಂಗಿನ ಊರು, ನಮ್ಮಲ್ಲಿ ಮಧ್ಯಾಹ್ನಕ್ಕೆ ರಾಗಿಮುದ್ದೆ, ಹುರುಳಿಕಾಳಿನ ಬಸ್ಸಾರು. ಹಾಗಾಗಿ ಒಂದೇ ಪಟ್ಟಿಯನ್ನು ಮೂರು ಅಡುಗೆಮನೆಗೆ ಹೊಂದಿಸಬೇಕು. ನನಗೆ ಇದರ ರುಚಿ ಹತ್ತಿದ್ದೇ ಅಲ್ಲಿ.

ಹೊಂದಿಸುವ ಬಗೆ ಹೀಗೆ. ರಕ್ತದ ಸಕ್ಕರೆಯನ್ನು ಮುಖ್ಯವಾಗಿ ಏರಿಸುವುದು ಊಟದ ಪಿಷ್ಟ. ರಾಗಿ ಹಿಟ್ಟಿರಲಿ ಜೋಳದ ಹಿಟ್ಟಿರಲಿ, ತೂಕದಲ್ಲಿ ಮೂರರಲ್ಲಿ ಎರಡು ಪಾಲು ಪಿಷ್ಟವೇ. ಅವ್ವನ ಮಧ್ಯಾಹ್ನದ ಊಟದಲ್ಲಿ ಮುಖ್ಯ ಧಾನ್ಯದಿಂದ ಬರುವ ಪಿಷ್ಟ ಸುಮಾರು 40 ಗ್ರಾಂ ಇರಲಿ ಎಂದು ವೈದ್ಯರ ಜೊತೆ ಕೂತು ಗೊತ್ತುಮಾಡಿಕೊಂಡೆವು. ಕಡೂರಿನಲ್ಲಿ ಅದು 60 ಗ್ರಾಂ ಹಿಟ್ಟಿನ ಒಂದು ಮುದ್ದೆ. ಅಜ್ಜಂಪುರದಲ್ಲಿ 30 ಗ್ರಾಂ ಹಿಟ್ಟಿನ ತೆಳು ರೊಟ್ಟಿ ಎರಡು. ತರೀಕೆರೆಯಲ್ಲಿ ಬೆಂದ ಅನ್ನ 150 ಗ್ರಾಂ ಚಿಲ್ಲರೆ. ಹಸಿ ಅಕ್ಕಿ ನೀರು ಕುಡಿದು ಹಿಗ್ಗುವುದರಿಂದ ಅನ್ನವನ್ನು ಬೆಂದ ಮೇಲೆಯೇ ತೂಗುತ್ತೇನೆ. ಮುದ್ದೆಯ ವಿಷಯ ತಿರುಗುಮುರುಗು. ಎಸರು ಹೆಚ್ಚಾದರೆ ಮುದ್ದೆ ಮೆತ್ತಗಾಗಿ ದಪ್ಪ ಕಾಣುತ್ತದೆ, ಕಡಿಮೆಯಾದರೆ ಗಟ್ಟಿಯಾಗಿ ಚಿಕ್ಕದು ಕಾಣುತ್ತದೆ. ಕಣ್ಣಳತೆ ಅಲ್ಲಿ ನಿಲ್ಲದು. ಅದಕ್ಕೇ ಮುದ್ದೆಯನ್ನು ಹಿಟ್ಟಿನಲ್ಲಿ ಅಳೆಯಬೇಕು.

ಹಾಗೆಂದು ದಿನಾ ತಕ್ಕಡಿ ಹಿಡಿದು ಯಾರೂ ಅಡುಗೆ ಮಾಡುವುದಿಲ್ಲ. ಒಂದು ಸಲ ತೂಗಿ, ಆ ತೂಕಕ್ಕೆ ಸರಿಹೋಗುವ ಪಾತ್ರೆಯನ್ನು ಆ ಮನೆಯಲ್ಲೇ ಹುಡುಕುತ್ತೇನೆ. ನಮ್ಮಲ್ಲಿ ಒಂದು ಸಣ್ಣ ಸ್ಟೀಲ್ ಲೋಟಕ್ಕೆ ಹಿಟ್ಟು ತಲೆ ಸವರಿ ಹಾಕಿದರೆ ಲೆಕ್ಕ ಸರಿ. ಅಕ್ಕನ ಮನೆಯಲ್ಲಿ ಪಾಯಸದ ಬಟ್ಟಲು, ಅನ್ನವನ್ನು ಒತ್ತದೆ ತುಂಬಬೇಕು. ಪಟ್ಟಿಯಲ್ಲಿ ಗ್ರಾಂ ಕಾಣುವುದಿಲ್ಲ, ಲೋಟ, ಬಟ್ಟಲು, ಹಿಡಿ ಮಾತ್ರ ಕಾಣುತ್ತವೆ. ಕಡೂರಿನ ಒಂದು ದಿನ ಹೀಗಿರುತ್ತದೆ:

| ಹೊತ್ತು | ಅಡುಗೆ | ಅಳತೆ |
|---|---|---|
| ಬೆಳಿಗ್ಗೆ 6.30 | ಸಕ್ಕರೆ ಇಲ್ಲದ ಕಾಫಿ | ಅರ್ಧ ಲೋಟ |
| 8.00 | ಮಾತ್ರೆ, ಹಿಂದೆಯೇ ಹೆಸರುಕಾಳಿನ ದೋಸೆ, ಕಾಯಿ ಚಟ್ನಿ | ದೋಸೆ 2, ಚಟ್ನಿ 2 ಚಮಚ |
| 11.00 | ಮಜ್ಜಿಗೆ, ಸೌತೆಕಾಯಿ | 1 ಲೋಟ, ಅರ್ಧ ಕಾಯಿ |
| 1.00 | ಮುದ್ದೆ, ಹುರುಳಿ ಬಸ್ಸಾರು, ಸೊಪ್ಪು-ಕಾಳಿನ ಪಲ್ಯ | ಮುದ್ದೆ 1, ಪಲ್ಯ ತುಂಬು ಬಟ್ಟಲು, ಅನ್ನ ಇಲ್ಲ |
| 4.30 | ಹುರಿಗಡಲೆ | 1 ಹಿಡಿ |
| ರಾತ್ರಿ 7.30 | ಗೋಧಿ ಚಪಾತಿ, ಬೀನ್ಸ್ ಪಲ್ಯ | ಚಪಾತಿ 2, ಪಲ್ಯ ತುಂಬು ಬಟ್ಟಲು |

ಮಧ್ಯಾಹ್ನದ ಸಾಲಿನ ‘ಅನ್ನ ಇಲ್ಲ’ ಅನ್ನುವ ಎರಡು ಪದಕ್ಕೆ ನಮ್ಮ ಮನೆಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಮುದ್ದೆ ಉಂಡ ಮೇಲೆ ಒಂದಿಷ್ಟು ಅನ್ನ ಮಜ್ಜಿಗೆ ಉಂಡರೇ ನಮ್ಮ ಕಡೆ ಊಟ ಮುಗಿದ ಹಾಗೆ. ‘ರಾಗಿ ಸಕ್ಕರೆ ಕಾಯಿಲೆಗೆ ಒಳ್ಳೇದು ಅಂತ ಎಲ್ಲಾರೂ ಅಂತಾರೆ ಕಣಪ್ಪಾ, ಮತ್ಯಾಕೆ ಅಳ್ತೆ?’ ಎಂದಳು ಅವ್ವ. ಒಳ್ಳೆಯದು ನಿಜ. ನಾರಿದೆ, 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂ ಮೀರಿ ಸುಣ್ಣದಂಶವಿದೆ. ಆದರೆ ರಾಗಿಯಲ್ಲೂ ಪಿಷ್ಟ ಇದ್ದೇ ಇದೆ. ಹಿಟ್ಟನ್ನು ನುಣ್ಣಗೆ ಬೀಸಿ, ಜರಡಿ ಹಿಡಿದು, ಗಂಜಿ ಕಾಯಿಸಿ ಕುಡಿದರೆ ಅದು ಬೇಗನೆ ರಕ್ತಕ್ಕೆ ಇಳಿಯುತ್ತದೆ. ಅದಕ್ಕೆ ನಾವು ಜರಡಿ ಹಿಡಿಯುವುದು ಬಿಟ್ಟೆವು. ಅನ್ನ ಬೇಕೇ ಬೇಕು ಅನ್ನಿಸಿದ ದಿನ ಅರ್ಧ ಮುದ್ದೆ, ಅರ್ಧ ಬಟ್ಟಲು ಅನ್ನ.

ಪಟ್ಟಿ ಸರಿಯಿದೆಯೋ ಇಲ್ಲವೋ ಹೇಳುವುದು ಗ್ಲುಕೋಮೀಟರ್. ಮೊದಲ ತುತ್ತಿನಿಂದ ಲೆಕ್ಕ ಹಿಡಿದು ಎರಡು ಗಂಟೆಗೆ ಬೆರಳು ಚುಚ್ಚಬೇಕು. ಚುಚ್ಚುವ ಮುಂಚೆ ಕೈ ತೊಳೆದು ಒರೆಸಿರಬೇಕು, ಬೆಲ್ಲವನ್ನೋ ಹಣ್ಣನ್ನೋ ಮುಟ್ಟಿದ ಬೆರಳು ಸುಳ್ಳು ಸಂಖ್ಯೆ ಕೊಡುತ್ತದೆ. ಊಟದ ನಂತರ 180ರ ಒಳಗಿರಲಿ ಅನ್ನುವುದು ಸಾಮಾನ್ಯ ಗುರಿ. ವಯಸ್ಸು, ಬೇರೆ ಕಾಯಿಲೆ ನೋಡಿ ವೈದ್ಯರು ಅದನ್ನು ಸಡಿಲಿಸುವುದೂ ಉಂಟು. ಅಜ್ಜಂಪುರದಲ್ಲಿ ಎರಡು ರೊಟ್ಟಿ, ಈರುಳ್ಳಿ ಪಲ್ಯ, ಕಾಳು ಉಂಡ ದಿನ ಅವ್ವನಿಗೆ 158 ಬಂತು. ಅದೇ 40 ಗ್ರಾಂ ಲೆಕ್ಕದಲ್ಲಿ ತರೀಕೆರೆಯಲ್ಲಿ ಅನ್ನ ಸಾರು ಉಂಡಾಗ 194. ಅಳತೆ ತಪ್ಪಿರಲಿಲ್ಲ. ಬೆಳ್ತಿಗೆ ಅನ್ನ ಬೇಗ ಅರಗುತ್ತದೆ, ತಿಳಿಸಾರಿನಲ್ಲಿ ಅದನ್ನು ತಡೆಹಿಡಿಯುವ ನಾರಾಗಲಿ ಕಾಳಾಗಲಿ ಹೆಚ್ಚಿರುವುದಿಲ್ಲ. ಅನ್ನ ಕಡಿಮೆ ಮಾಡುವ ಬದಲು ಊಟದ ಕ್ರಮ ಬದಲಿಸಿದೆವು. ಮೊದಲು ಬಟ್ಟಲು ತುಂಬ ಪಲ್ಯ ಮತ್ತು ಕಾಳು, ಅದು ಮುಗಿದ ಮೇಲೆ ಅನ್ನ. ಮುಂದಿನ ಸಲ 171 ಬಂತು. ಆವತ್ತು ಆದ ಖುಷಿಯಲ್ಲಿ ತರೀಕೆರೆಯ ಪಟ್ಟಿಯ ಅಡುಗೆ ಕಲಂನಲ್ಲಿ ‘ಮೊದಲು’, ‘ಆಮೇಲೆ’ ಎಂದು ಕೆಂಪು ಶಾಯಿಯಲ್ಲಿ ಬರೆದೆ. ಸಾಮಾನ್ಯವಾಗಿ ಒಂದು ಸಂಖ್ಯೆ ನೋಡಿ ಪಟ್ಟಿ ತಿದ್ದುವುದಿಲ್ಲ, ಅದೇ ಊಟಕ್ಕೆ ಮತ್ತೆ ಮತ್ತೆ ಹಾಗೇ ಬಂದರೆ ಮಾತ್ರ ತಿದ್ದುತ್ತೇನೆ.

ಹೊತ್ತಿನ ಕಲಂ ಮಾತ್ರ ಮೂರು ಊರಿಗೂ ಒಂದೇ. ಅದನ್ನು ಗೊತ್ತುಮಾಡುವುದು ಗಡಿಯಾರಕ್ಕಿಂತ ಹೆಚ್ಚಾಗಿ ಮಾತ್ರೆ. ಅವ್ವ ನುಂಗುವ ಗ್ಲಿಮೆಪಿರೈಡ್ ಇನ್ಸುಲಿನ್ ಹೆಚ್ಚು ಸುರಿಯುವಂತೆ ಮಾಡುತ್ತದೆ, ಊಟ ಬಂದಿದೆಯೋ ಇಲ್ಲವೋ ಅದು ಕಾಯುವುದಿಲ್ಲ. ಮಾತ್ರೆ ನುಂಗಿ ಊಟ ತಡವಾದರೆ ಸಕ್ಕರೆ ಕುಸಿಯುತ್ತದೆ: ಬೆವರು, ಕೈ ನಡುಕ, ತಡೆಯಲಾರದ ಹಸಿವು, ಮಾತು ತಡವರಿಸುವುದು. 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿಗೆ ಕಲಸಿ ಕೊಟ್ಟು, 15 ನಿಮಿಷಕ್ಕೆ ಮತ್ತೆ ಚುಚ್ಚಿ ನೋಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಓಡಬೇಕು. ಇದನ್ನು ಪಟ್ಟಿಯ ಬೆನ್ನಿಗೆ ದಪ್ಪಕ್ಷರದಲ್ಲಿ ಬರೆದಿದ್ದೇನೆ. ಅಜ್ಜಂಪುರದಿಂದ ತರೀಕೆರೆಗೆ ರೈಲು ಹಿಡಿದರೆ ಬೀರೂರಿನಲ್ಲಿ ಇಳಿದು ಇನ್ನೊಂದು ಹತ್ತಬೇಕು, ಅಲ್ಲಿ ಎಷ್ಟು ಹೊತ್ತು ಕಾಯಬೇಕೋ ಹೇಳಲಾಗದು. ಆ ದಿನದ ಸಾಲಿನಲ್ಲಿ ಅಡುಗೆಗೆ ‘ಡಬ್ಬಿಯ ರೊಟ್ಟಿ’ ಎಂದೂ ಅಳತೆಗೆ ‘2’ ಎಂದೂ ಇರುತ್ತದೆ. ರೈಲು ಎಲ್ಲಿದ್ದರೂ ಒಂದು ಗಂಟೆಗೆ ಡಬ್ಬಿ ಬಿಚ್ಚಬೇಕು. ಶಿವರಾತ್ರಿಯ ಉಪವಾಸಕ್ಕೂ ಇದೇ ಕಾರಣಕ್ಕೆ ಮುಂಚೆಯೇ ವೈದ್ಯರನ್ನು ಕೇಳಿ, ಮಾತ್ರೆ ಹೇಗೆ ಎಂದು ಬರೆಸಿಕೊಳ್ಳುತ್ತೇನೆ.

ಹಬ್ಬದ ವಾರದ ಪಟ್ಟಿ ಬರೆಯುವುದೆಂದರೆ ನನಗೆ ಇನ್ನೂ ಇಷ್ಟ. ಯುಗಾದಿಯ ದಿನ ಹೋಳಿಗೆ ತೆಗೆದುಹಾಕಿದ ಪಟ್ಟಿಯನ್ನು ಅವ್ವ ಒಪ್ಪುವುದಿಲ್ಲ, ನಾನೂ ಬರೆಯುವುದಿಲ್ಲ. ಮೈದಾ, ಬೇಳೆ, ಬೆಲ್ಲ ಮೂರೂ ಸೇರಿ ಅಂಗೈಯಗಲದ ಹೋಳಿಗೆಯೊಂದು ಹೆಚ್ಚುಕಡಿಮೆ ಒಂದು ಮುದ್ದೆಯ ಪಿಷ್ಟಕ್ಕೆ ಸಮ, ಬೆಲ್ಲದಿಂದಾಗಿ ಏರಿಕೆ ಮಾತ್ರ ಇನ್ನೂ ಬೇಗ. ಆದ್ದರಿಂದ ಅದು ಮುದ್ದೆಯ ಜಾಗಕ್ಕೆ ಬರಬೇಕು, ಮುದ್ದೆಯ ಜೊತೆಗೆ ಬರಬಾರದು. ಮೊದಲು ಕೋಸಂಬರಿ ಎರಡು ಬಟ್ಟಲು, ಪಲ್ಯ ಒಂದು ಬಟ್ಟಲು, ಆಮೇಲೆ ಹೋಳಿಗೆ. ಮೊನ್ನೆಯ ಯುಗಾದಿಗೆ ಅಳತೆಯ ಕಲಂನಲ್ಲಿ ‘ಹೋಳಿಗೆ 1, ಮುದ್ದೆ ಇಲ್ಲ, ಅನ್ನ ಇಲ್ಲ’ ಎಂದು ಬರೆದು ಅವ್ವನಿಗೆ ಓದಿ ಹೇಳಿದೆ. ಅವಳು ಕೇಳಿದ್ದು ಒಂದೇ, ‘ತುಪ್ಪ ಎಷ್ಟು ಬರ್ದಿದೀಯ?’ ಎಂದು. ಒಂದು ಚಮಚ ಎಂದು ಸೇರಿಸಿದೆ.